ಲ್ಯಾಬ್ ಪರೀಕ್ಷೆಯ ಬ್ಯಾಚ್, ಎಕ್ಸ್‌ಟರ್ನಲ್ ಮತ್ತು ಅಂಕಗಳ ಲೆಕ್ಕ

ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ಹೊಣೆ ನನ್ನದು. ನಮ್ಮದು ಬೆಳಗಾವಿಯ ವಿಟಿಯುಗೆ ಸೇರಿದ ಕಾಲೇಜು. ಇಲ್ಲಿ ಹೇಳುವುದು 2022ರ ಸ್ಕೀಮಿನ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಅಂಕದ ನಿಯಮಗಳ ಮಾತು.

ಪ್ರಾಕ್ಟಿಕಲ್ ಯಾವಾಗಿನಿಂದ ಯಾವಾಗಿನವರೆಗೆ ಅಂತ ವಿಶ್ವವಿದ್ಯಾಲಯ ತಿಳಿಸುತ್ತದೆ. ಸಾಮಾನ್ಯವಾಗಿ ಥಿಯರಿ ಪೇಪರ್‌ಗಳಿಗಿಂತ ಮೊದಲೇ ಅದು ಮುಗಿಯುತ್ತದೆ. ಆ ಅವಧಿಯೊಳಗೆ ಯಾವ ಲ್ಯಾಬ್ ಯಾವ ದಿನ, ಯಾರು ಯಾವ ಬ್ಯಾಚ್ ಅನ್ನೋದನ್ನು ನಾವು ಕೂಡಿಸಬೇಕು. ಎಲ್ಲರೂ ಕ್ಯಾಲೆಂಡರ್ ಹಿಡಿದು ಶುರು ಮಾಡುತ್ತಾರೆ. ನಾನು ಮೊದಲು ಲ್ಯಾಬಿಗೆ ಹೋಗಿ ಸಿಗ್ನಲ್ಲಿನ ಅಲೆ ತೋರಿಸುವ ಸಿಆರ್‌ಓಗಳನ್ನು ಒಂದೊಂದಾಗಿ ಆನ್ ಮಾಡಿ ನೋಡುತ್ತೇನೆ. ಮೂರನೇ ಸೆಮಿಸ್ಟರಿನ ಅನಲಾಗ್-ಡಿಜಿಟಲ್ ಲ್ಯಾಬಿನಲ್ಲಿ 16 ಸರಿಯಾಗಿ ಕೆಲಸ ಮಾಡಿದರೆ ಬ್ಯಾಚಿಗೆ 15 ಮಂದಿ. ಒಂದು ಹೆಚ್ಚುವರಿ ಇರಲೇಬೇಕು, ನಡುವೆ ಯಾವುದಾದರೂ ಕೈಕೊಟ್ಟರೆ ಹುಡುಗರ ಸಮಯ ಹಾಳಾಗಬಾರದಲ್ವಾ? 60 ಮಂದಿಗೆ ನಾಲ್ಕು ಬ್ಯಾಚ್. ಪರೀಕ್ಷೆ ಮೂರು ತಾಸಿನದು, ಹಾಗಾಗಿ ದಿನಕ್ಕೆ ಎರಡೇ ಬ್ಯಾಚ್. ಈ ಲ್ಯಾಬಿಗೆ ಎರಡು ದಿನ ಬೇಕು.

ಯುಎಸ್‌ಎನ್, ಅಂದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆಯ ಕ್ರಮದಲ್ಲಿ ಬ್ಯಾಚ್ ಮಾಡಿದರೆ ಡಿಪ್ಲೊಮಾ ಮುಗಿಸಿ ಬಂದವರೆಲ್ಲ ಕೊನೆಯ ಬ್ಯಾಚಿಗೆ ಬೀಳುತ್ತಾರೆ, ಅವರ ಸಂಖ್ಯೆ 400ರಿಂದ ಶುರುವಾಗುತ್ತದೆ. ಅದೇನೂ ತೊಂದರೆಯಲ್ಲ. ಸರ್ಕ್ಯೂಟ್ ಜೋಡಿಸುವುದರಲ್ಲಿ ಅವರ ಕೈ ಚೆನ್ನಾಗಿರುತ್ತದೆ, ಡಯಾಗ್ರಮ್, ವಿಧಾನ ಬರೆಯುವ ರೈಟ್‌ಅಪ್‌ನಲ್ಲಿ ಸ್ವಲ್ಪ ಹಿಂದೆ. ತೊಂದರೆ ಇರುವುದು ಬ್ಯಾಕ್‌ಲಾಗ್ ಹುಡುಗರದು. ಮೊದಲ ವರ್ಷದ ಲ್ಯಾಬ್ ಉಳಿಸಿಕೊಂಡವನಿಗೆ ಅದೇ ದಿನ ಅದೇ ಹೊತ್ತಿಗೆ ಬೇರೆ ವಿಭಾಗದಲ್ಲೂ ಪರೀಕ್ಷೆ ಇರಬಹುದು. ಇದನ್ನು ಕಣ್ಣಿನಿಂದ ಹುಡುಕುವುದು ಕಷ್ಟ. ಎಲ್ಲ ಲ್ಯಾಬ್‌ಗಳ ಬ್ಯಾಚ್ ಪಟ್ಟಿಯನ್ನು ಒಂದೇ ಶೀಟಿಗೆ ಹಾಕಿ, ಯುಎಸ್‌ಎನ್, ದಿನ, ಹೊತ್ತು ಮೂರನ್ನೂ ಸೇರಿಸಿ ಸಾರ್ಟ್ ಮಾಡುತ್ತೇನೆ. ಒಂದೇ ಸಾಲು ಎರಡು ಸಲ ಬಂದರೆ ಅಲ್ಲಿ ಕ್ಲಾಶ್ ಇದೆ ಅಂತ ಅರ್ಥ. ಪಟ್ಟಿ ನೋಟಿಸ್ ಬೋರ್ಡಿಗೆ ಹಚ್ಚುವ ಮೊದಲೇ ಇದು ಆಗಬೇಕು. ಹಚ್ಚಿದ ಮೇಲೆ ಒಬ್ಬನನ್ನು ಸರಿಸಿದರೆ ಹತ್ತು ಮಂದಿ ಬಂದು ನನಗೂ ಮಧ್ಯಾಹ್ನಕ್ಕೆ ಹಾಕ್ರಿ ಅಂತಾರೆ.

ಇಂಟರ್ನಲ್ ಪರೀಕ್ಷಕರಾಗಿ ಪಾಠ ಮಾಡಿದವರೇ ಕೂರುತ್ತಾರೆ. ಎಕ್ಸ್‌ಟರ್ನಲ್ ಬೇರೆ ಕಾಲೇಜಿನವರು, ನಮಗೆ ಹೆಚ್ಚಾಗಿ ಬಾಗಲಕೋಟೆ ಕಡೆಯವರು ಸಿಗುತ್ತಾರೆ. ಹೆಸರು ಬಂದ ಕೂಡಲೇ ನಾನು ಫೋನ್ ಮಾಡಿ ಕೇಳುವುದು ಒಂದೇ: "ಸರ್, ಆ ದಿನ ನಿಮ್ಮ ಕಾಲೇಜಿನಲ್ಲಿ ನೀವೇ ಇಂಟರ್ನಲ್ ಇದ್ದೀರೇನ್ರಿ?" ಇದು ಆಗಾಗ ಆಗುತ್ತದೆ, ಯಾಕೆಂದರೆ ಎಲ್ಲ ಕಾಲೇಜಿನಲ್ಲೂ ಒಂದೇ ವಾರದಲ್ಲಿ ಪ್ರಾಕ್ಟಿಕಲ್. ಕ್ಲಾಶ್ ಇದ್ದರೆ ಮೊದಲೇ ಬದಲಿ ಕೇಳಬಹುದು. ಪರೀಕ್ಷೆಯ ಬೆಳಿಗ್ಗೆ ಗೊತ್ತಾದರೆ 15 ಹುಡುಗರು ಹಾಲ್ ಟಿಕೆಟ್ ಹಿಡಿದು ವರಾಂಡದಲ್ಲಿ ನಿಂತಿರುತ್ತಾರೆ. ಬೆಳಗಿನ ಬಸ್ಸಿಗೆ ಬರುವವರಿದ್ದರೆ ಮೊದಲ ಬ್ಯಾಚನ್ನು ತೀರಾ ಬೇಗ ಇಡುವುದೂ ಜಾಣತನವಲ್ಲ.

ಪರೀಕ್ಷೆ ನಡೆಯುವುದು ಹೀಗೆ. ಸಿಲಬಸ್ಸಿನ ಪ್ರಯೋಗಗಳನ್ನು ಕಾರ್ಡುಗಳಲ್ಲಿ ಬರೆದು ಬೋರಲು ಹಾಕಿರುತ್ತೇವೆ, ಹುಡುಗ ಒಂದನ್ನು ಎತ್ತುತ್ತಾನೆ. ಬರೋದಿಲ್ಲ ಅಂದರೆ ಒಂದೇ ಸಲ ಬದಲಿಸಿಕೊಳ್ಳಬಹುದು, ಆದರೆ ಪ್ರೊಸೀಜರಿಗೆ ಇಟ್ಟ ಅಂಕ ಸೊನ್ನೆ. "ಸರ್, ಚೇಂಜ್ ಮಾಡ್ಕೊಳ್ಳಲೇನ್ರಿ?" ಅಂತ ಗಾಬರಿಯಲ್ಲಿ ಕೇಳಿದವರಿಗೆ ನಾನು ಐದು ನಿಮಿಷ ಕೂತು ಬರೆದು ನೋಡು ಅಂತೀನಿ. ಅರ್ಧ ಮಂದಿ ಆಮೇಲೆ ಬದಲಿಸುವುದೇ ಇಲ್ಲ.

100 ಅಂಕದಲ್ಲಿ ರೈಟ್‌ಅಪ್‌ಗೆ 20, ಪ್ರಯೋಗ ಮತ್ತು ಫಲಿತಾಂಶಕ್ಕೆ 60, ವೈವಾಗೆ 20. ಇಂಟರ್ನಲ್ ಅರ್ಧ, ಎಕ್ಸ್‌ಟರ್ನಲ್ ಅರ್ಧ ಅಂತ ಹುಡುಗರು ತಿಳಿದಿರುತ್ತಾರೆ. ಹಾಗೇನಿಲ್ಲ. ಇಬ್ಬರೂ ಸೇರಿ ಒಂದೇ ಅಂಕ ಕೊಡುವುದು. ಆ 60ನ್ನು ಹೇಗೆ ಹಂಚಬೇಕು ಅನ್ನೋದನ್ನು ಪರೀಕ್ಷೆಗೆ ಮೊದಲೇ ಎಕ್ಸ್‌ಟರ್ನಲ್ ಜೊತೆ ಕೂತು ಬರೆದಿಡುತ್ತೇನೆ: ಜೋಡಣೆಗೆ 20, ರೀಡಿಂಗ್‌ಗೆ 20, ಗ್ರಾಫ್ ಮತ್ತು ಲೆಕ್ಕಕ್ಕೆ 20. ಇದಿಲ್ಲದಿದ್ದರೆ ಬೆಳಗಿನ ಬ್ಯಾಚಿಗೆ ಒಂದು ಕೈ, ಮಧ್ಯಾಹ್ನದ ಬ್ಯಾಚಿಗೆ ಇನ್ನೊಂದು ಕೈ ಆಗುತ್ತದೆ.

ಒಬ್ಬ ಹುಡುಗಿಗೆ ಆರ್‌ಸಿ ಕಪಲ್ಡ್ ಆಂಪ್ಲಿಫೈಯರ್ ಬಂತು. ಡಯಾಗ್ರಮ್ ಸರಿ ಬರೆದಿದ್ದಳು, ರೈಟ್‌ಅಪ್‌ಗೆ 16. ಬ್ರೆಡ್‌ಬೋರ್ಡಿನಲ್ಲಿ ಮಾತ್ರ ಗೇನ್ ನಾಲ್ಕೈದು ಬರುತ್ತಿತ್ತು, ಅಲ್ಲಿ ಹತ್ತಾರು ಪಟ್ಟು ಬರಬೇಕು. ಔಟ್‌ಪುಟ್ ಅಲೆ ಶುದ್ಧವಾಗಿದ್ದು ಗೇನ್ ಮಾತ್ರ ಇಷ್ಟು ಕಡಿಮೆ ಇದ್ದರೆ ಎಮಿಟರಿನ ಬೈಪಾಸ್ ಕೆಪಾಸಿಟರ್ ಕೂತಿಲ್ಲ ಅಂತಲೇ ಮೊದಲು ಅನುಮಾನ. ಆಗ ಗೇನ್ ಹೆಚ್ಚುಕಡಿಮೆ ಕಲೆಕ್ಟರ್ ಮತ್ತು ಎಮಿಟರ್ ರೆಸಿಸ್ಟರ್‌ಗಳ ಅನುಪಾತಕ್ಕೆ ಇಳಿದುಬಿಡುತ್ತದೆ. ಎಕ್ಸ್‌ಟರ್ನಲ್ ಉತ್ತರ ಹೇಳಲಿಲ್ಲ, "ಎಮಿಟರಿನಲ್ಲಿ ಏನೇನು ಹಾಕೀಯಮ್ಮ?" ಅಂದರು. ಅವಳು ನೋಡಿ ಸರಿ ಮಾಡಿದಳು, ಆದರೆ ಗ್ರಾಫಿಗೆ ಸಮಯ ಉಳಿಯಲಿಲ್ಲ. ಜೋಡಣೆ 16, ರೀಡಿಂಗ್ 14, ಗ್ರಾಫ್ 8, ಒಟ್ಟು 38. ವೈವಾಗೆ 10. ಎಲ್ಲ ಕೂಡಿ 64, ಅರ್ಧಕ್ಕಿಳಿಸಿದರೆ 50ಕ್ಕೆ 32. ಸೆಮಿಸ್ಟರಿನ ರೆಕಾರ್ಡ್ ಮತ್ತು ಟೆಸ್ಟಿಗೆ ಕಾಲೇಜಿನಲ್ಲೇ ಕೊಡುವ ಅಂಕ, ಅಂದರೆ ಸಿಐಇ, 50ಕ್ಕೆ 44 ಇತ್ತು. ಲ್ಯಾಬಿನಲ್ಲಿ ಅವಳಿಗೆ 76.

ಇಂಥ ಲ್ಯಾಬ್ ಮಾರ್ಕ್ಸ್ ಕಾರ್ಡಿನಲ್ಲಿ ತನ್ನದೇ ಸಾಲಿನಲ್ಲಿ ಇರುತ್ತದೆ, ಯಾವ ಥಿಯರಿಗೂ ಕೂಡುವುದಿಲ್ಲ. ಪಾಸಾಗಲು ಸಿಐಇಯಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟು 40 ಬೇಕು. ಇದರಲ್ಲಿ ಒಂದು ಗುಂಡಿ ಇದೆ. ಎರಡರಲ್ಲೂ ಕನಿಷ್ಠವನ್ನೇ ತಗೊಂಡವನ ಒಟ್ಟು 38, ಅಂದರೆ ಫೇಲ್. ಸಿಐಇ 20 ಬಂದವನಿಗೆ ನಾನು ಪರೀಕ್ಷೆಗೆ ಮೊದಲೇ ಹೇಳಿಬಿಡುತ್ತೇನೆ: ನಿನಗೆ 18 ಸಾಲದು, 20 ಬೇಕು.

ಥಿಯರಿಯ ಜೊತೆ ನಿಜವಾಗಿ ಕೂಡುವುದು ಐಪಿಸಿಸಿ ಅನ್ನುವ ವಿಷಯಗಳಲ್ಲಿ. ಥಿಯರಿ ಮತ್ತು ಲ್ಯಾಬ್ ಎರಡೂ ಒಂದೇ ಕೋರ್ಸು. ಇಲ್ಲಿ ಲ್ಯಾಬಿಗೆ ಎಕ್ಸ್‌ಟರ್ನಲ್ ಬರುವುದೇ ಇಲ್ಲ, ಸೆಮಿಸ್ಟರ್ ಕೊನೆಯ ಪರೀಕ್ಷೆ ಥಿಯರಿಗೆ ಮಾತ್ರ. ಸಿಐಇಯ 50ರಲ್ಲಿ ಥಿಯರಿಗೆ 25, ಲ್ಯಾಬಿಗೆ 25. ಲ್ಯಾಬಿನ 25ರಲ್ಲಿ ವಾರವಾರದ ಪ್ರಯೋಗ ಮತ್ತು ರೆಕಾರ್ಡಿಗೆ 15. ಉಳಿದ 10ಕ್ಕೆ ಎಲ್ಲ ಪ್ರಯೋಗ ಮುಗಿದ ಮೇಲೆ ನಾವೇ 50ಕ್ಕೆ ಒಂದು ಟೆಸ್ಟ್ ಮಾಡಿ ಇಳಿಸುತ್ತೇವೆ. ಎಕ್ಸ್‌ಟರ್ನಲ್ ಭಯ ಇಲ್ಲದ್ದರಿಂದ ಹುಡುಗರು ಇದನ್ನು ಸುಮ್ನೆ ಲೆಕ್ಕಕ್ಕಿಲ್ಲದ್ದು ಅಂದುಕೊಳ್ಳುತ್ತಾರೆ. ಲ್ಯಾಬ್ ಪ್ರಶ್ನೆಗಳು ಥಿಯರಿ ಪೇಪರಿನಲ್ಲೂ ಬರಬಹುದು ಅನ್ನೋದು ಅವರಿಗೆ ನೆನಪಿರುವುದಿಲ್ಲ.

ಒಬ್ಬನಿಗೆ ಸಿಐಇಯ ಥಿಯರಿ ಭಾಗದಲ್ಲಿ 25ಕ್ಕೆ 21 ಬಂದಿದೆ ಅಂತಿಟ್ಟುಕೊಳ್ಳಿ. ರೆಕಾರ್ಡಿಗೆ 6, ಟೆಸ್ಟಿನಲ್ಲಿ 50ಕ್ಕೆ 15, ಇಳಿಸಿದರೆ 3. ಲ್ಯಾಬ್ 9. ಎರಡೂ ಕೂಡಿದರೆ 30, ಬೇಕಾದದ್ದಕ್ಕಿಂತ ಜಾಸ್ತಿಯೇ. ಆದರೂ ಅವನು ಥಿಯರಿ ಪರೀಕ್ಷೆಗೆ ಕೂರುವಂತಿಲ್ಲ, ಯಾಕೆಂದರೆ 25ಕ್ಕೆ 10 ಎರಡೂ ಕಡೆ ಬೇರೆಬೇರೆಯಾಗಿ ಬರಬೇಕು. ಅದಕ್ಕೇ ಈ ವಿಷಯಗಳ ಸಿಐಇ ಪಟ್ಟಿಯಲ್ಲಿ ನಾನು ಒಟ್ಟು ಅಂಕದ ಕಾಲಂ ಕೊನೆಗೆ ನೋಡುತ್ತೇನೆ. ಲ್ಯಾಬಿನ ಕಾಲಮ್ಮಿನಲ್ಲಿ 10ಕ್ಕಿಂತ ಕಡಿಮೆ ಇದ್ದವರನ್ನು ಟೆಸ್ಟಿಗೆ ಮೊದಲೇ ಗುರುತು ಮಾಡಿ ಕರೆಯುತ್ತೇನೆ. ರೆಕಾರ್ಡಿಗೆ 6 ಇದ್ದವನು ಟೆಸ್ಟಿನಲ್ಲಿ 20 ತಗೊಂಡರೆ ಸಾಕು, ಅದು 4ಕ್ಕಿಳಿದು ಲ್ಯಾಬ್ 10 ಆಗುತ್ತದೆ.