ಜೆರ್ಸಿಗಾಗಿ ಗೊಬ್ಬರದ ಅಂಗಡಿಗೆ ಬರೆದ ಪತ್ರ

ನಮ್ಮದು ಮಂಡ್ಯ ಸೀಮೆಯ ಒಂದು ಹಳ್ಳಿಯ ಕಬಡ್ಡಿ ತಂಡ. ಹಳೇ ಜೆರ್ಸಿಗಳ ನಂಬರು ಕಿತ್ತುಬಂದು, ರೇಡ್‌ಗೆ ಹೋದವನು ಯಾರೆಂದು ಅಂಪೈರ್‌ಗೇ ಗೊತ್ತಾಗದ ಸ್ಥಿತಿ ಬಂದಾಗ ಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಅಂಗಡಿಯವರಿಗೆ ವರ್ಷವಿಡೀ ರಸೀದಿ ಪುಸ್ತಕಗಳದ್ದೇ ಕಾಟ. ಗಣಪತಿ, ರಾಜ್ಯೋತ್ಸವ, ಹಬ್ಬ, ಜಾತ್ರೆ. "ತಮ್ಮ ಕೈಲಾದ ಸಹಾಯ ಮಾಡಬೇಕಾಗಿ ವಿನಂತಿ" ಎಂದು ಬರೆದರೆ ಆ ಸಾಲಿಗೇ ನಾವೂ ಸೇರುತ್ತೇವೆ. 501 ರೂಪಾಯಿ ಕೊಟ್ಟು ಕೈಮುಗಿದು ಕಳಿಸುತ್ತಾರೆ. ಅದರಲ್ಲಿ ಒಂದೂವರೆ ಜೆರ್ಸಿಯೂ ಬರುವುದಿಲ್ಲ. ಹಾಗಾಗಿ ಇದು ಚಂದಾ ಅಲ್ಲ, ಜಾಹೀರಾತು ಎಂದು ಪತ್ರ ಓದಿದ ಕೂಡಲೇ ಗೊತ್ತಾಗಬೇಕಿತ್ತು.

ಮೊದಲು ಜೆರ್ಸಿ ಹೊಲಿದು ಪ್ರಿಂಟ್ ಹಾಕುವವರ ಬಳಿ ಹೋಗಿ ದರ ಬರೆಸಿಕೊಂಡೆ. ಸಬ್ಲಿಮೇಷನ್ ಪ್ರಿಂಟ್ ಆದರೆ ಬಣ್ಣ ಬಿಸಿಗೆ ಪಾಲಿಯೆಸ್ಟರ್ ಎಳೆಯೊಳಗೇ ಇಳಿಯುತ್ತದೆ. ಅಂಟಿಸಿದ ಸ್ಟಿಕ್ಕರಿನಂತೆ ಎಳೆದಾಟದಲ್ಲಿ ಸುಲಿಯುವುದಿಲ್ಲ. ಇನ್ನೊಂದು ಅನುಕೂಲ, ಅಂಗಡಿಯ ಹೆಸರು ಸೇರಿಸಿದರೆ ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ನಮಗೆ ಸಿಕ್ಕ ದರ ಒಂದಕ್ಕೆ 350. ಅಂಕಣದಲ್ಲಿ ಏಳು, ಹೊರಗೆ ಐದು, ಒಟ್ಟು ಹನ್ನೆರಡು ಜನಕ್ಕೆ 4,200. ಚಡ್ಡಿ, ನೀ ಕ್ಯಾಪ್ ನಮ್ಮ ಖರ್ಚು ಎಂದು ಹುಡುಗರು ಒಪ್ಪಿದರು. ಅರ್ಧ ಹೊರೆ ನಾವೇ ಹೊತ್ತಿದ್ದೇವೆ ಎಂದರೆ ಕೇಳುವ ಮಾತಿಗೂ ತೂಕ ಬರುತ್ತದೆ.

ಯಾರನ್ನು ಕೇಳಬೇಕು ಎಂಬುದಕ್ಕೆ ಸ್ವಲ್ಪ ಚರ್ಚೆ ಆಯಿತು. ಗೊಬ್ಬರ, ಔಷಧಿ ಅಂಗಡಿಯೇ ಸರಿ ಅಂತ ನಾನು ಹಟ ಹಿಡಿದೆ. ನಮ್ಮ ಆಟಗಾರರ ಅಪ್ಪಂದಿರೆಲ್ಲ ಅಲ್ಲೇ ಲೆಕ್ಕ ಇಟ್ಟವರು. ಆದರೆ ನಾಟಿ ಸಮಯದಲ್ಲಿ ಅವರ ದುಡ್ಡೆಲ್ಲ ಸಾಲದ ಪುಸ್ತಕದಲ್ಲಿರುತ್ತದೆ. ಭತ್ತ ಕಟಾವಾಗಿ ಬಾಕಿ ವಸೂಲಾಗುವ ಹೊತ್ತಿಗೆ, ಸಂಕ್ರಾಂತಿಯ ಸುಮಾರಿಗೆ ಹೋದೆವು. ಪಂದ್ಯಗಳೂ ಶುರುವಾಗುವುದು ಆಗಲೇ.

ಪತ್ರದ ಮುಖ್ಯ ಭಾಗ ಇಷ್ಟೇ:

"ವಿಷಯ: ಕಬಡ್ಡಿ ತಂಡದ ಹನ್ನೆರಡು ಜೆರ್ಸಿಗಳ ಪ್ರಾಯೋಜಕತ್ವದ ಬಗ್ಗೆ.

ಮಾನ್ಯರೇ,
ತಮ್ಮ ಅಂಗಡಿಯಲ್ಲಿ ವ್ಯವಹಾರ ಮಾಡುವ ರೈತರ ಮಕ್ಕಳು ನಾವು. ಈ ಸಂಕ್ರಾಂತಿಯಿಂದ ಯುಗಾದಿವರೆಗೆ ಸುತ್ತಲಿನ ಊರುಗಳ ಪಂದ್ಯಾವಳಿಗಳಲ್ಲಿ ಆಡಲಿದ್ದೇವೆ. ಹನ್ನೆರಡು ಜೆರ್ಸಿಗೆ 4,200 ರೂಪಾಯಿ ಆಗುತ್ತದೆ, ದರಪಟ್ಟಿ ಲಗತ್ತಿಸಿದ್ದೇವೆ. ಉಳಿದ ಖರ್ಚು ನಮ್ಮದು. ತಾವು ಇದನ್ನು ವಹಿಸಿಕೊಂಡರೆ ಎದೆಯ ಮೇಲೆ ತಮ್ಮ ಅಂಗಡಿಯ ಹೆಸರು ಹಾಕಿಸುತ್ತೇವೆ. ಎರಡು ವರ್ಷ ಬೇರೆ ಯಾರ ಹೆಸರೂ ಇರುವುದಿಲ್ಲ. ಹಣವನ್ನು ನಮ್ಮ ಕೈಗೆ ಕೊಡುವುದು ಬೇಡ, ಜೆರ್ಸಿ ಮಾಡುವವರಿಗೇ ಕೊಡಬಹುದು. ಬಿಲ್ ತಮ್ಮ ಅಂಗಡಿಯ ಹೆಸರಿಗೇ ಬರುತ್ತದೆ."

ಕೊನೆಯ ಎರಡು ವಾಕ್ಯಗಳೇ ಕೆಲಸ ಮಾಡಿದ್ದು ಎಂದು ನನ್ನ ನಂಬಿಕೆ. ಹುಡುಗರ ಕೈಗೆ ದುಡ್ಡು ಕೊಟ್ಟರೆ ಎಲ್ಲಿ ಹೋಗುತ್ತದೋ ಎಂಬ ಅನುಮಾನ ಎಲ್ಲರಿಗೂ ಇದ್ದದ್ದೇ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಜೊತೆಗೆ ನಮ್ಮದು ನೋಂದಣಿಯಾಗದ ತಂಡ, ದೇಣಿಗೆ ಎಂದು ಕೊಟ್ಟರೆ ಅವರಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅಂಗಡಿಯ ಹೆಸರಿಗೆ ಬಿಲ್ ಇದ್ದರೆ ಜಾಹೀರಾತಿನ ಖರ್ಚು ಎಂದು ಲೆಕ್ಕಕ್ಕೆ ಬರೆದುಕೊಳ್ಳಬಹುದು.

ಬೆಳಗಿನ ವ್ಯಾಪಾರ ಮುಗಿದ ಮೇಲೆ ಮೂರೇ ಜನ ಹೋದೆವು. ಹಿಂಡು ಕಟ್ಟಿಕೊಂಡು ಹೋದರೆ ವಸೂಲಿಗೆ ಬಂದಂತೆ ಕಾಣುತ್ತದೆ. ಪತ್ರದ ಜೊತೆ ಅಂಗಡಿಯ ಹೆಸರು ಕೂರಿಸಿದ ಜೆರ್ಸಿಯ ಚಿತ್ರವನ್ನೂ ಪ್ರಿಂಟ್ ತೆಗೆಸಿದ್ದೆ. ಯಜಮಾನರು ಪತ್ರಕ್ಕಿಂತ ಆ ಚಿತ್ರವನ್ನೇ ಹೆಚ್ಚು ಹೊತ್ತು ನೋಡಿದರು.

"ನಿಮ್ಮೂರಿಗೆ ಕೊಟ್ರೆ ನಾಳೆ ಪಕ್ಕದೂರೋರು ಬಂದು ಕೂತ್ಕತಾರಲ್ಲಪ್ಪ?" ಅಂದರು. ನಿಜವಾದ ಅಡ್ಡಿ ಇದೇ, ದುಡ್ಡಲ್ಲ. "ಅಣ್ಣ, ಅವ್ರು ಬಂದ್ರೆ ಜಾಹೀರಾತು ಎರಡ್ ವರ್ಷಕ್ಕೆ ಒಂದೇ ತಂಡಕ್ಕೆ ಅಂತ ಹೇಳಿ, ಈ ಪತ್ರ ತೋರ್ಸಿ. ನಾವು ಆಡೋದೂ ಅವ್ರೂರಲ್ಲೇ, ನಿಮ್ ಹೆಸ್ರು ಓದೋರೂ ಅವ್ರೇ" ಎಂದೆ. ನಕ್ಕು, ಪತ್ರ ಮಡಚಿ ಗಲ್ಲಾದೊಳಗೆ ಇಟ್ಟುಕೊಂಡರು. ವಾರ ಬಿಟ್ಟು ಫೋನು ಬಂತು.

ಪ್ರಿಂಟಿಗೆ ಹೋಗುವ ಮುಂಚೆ ಕನ್ನಡ ಅಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ನಮ್ಮ ಕಂಪ್ಯೂಟರಿನಲ್ಲಿ ಸರಿಯಿದ್ದ ಹೆಸರು ಇನ್ನೊಂದರಲ್ಲಿ ತೆರೆದಾಗ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲಬಹುದು. ಅಕ್ಷರಗಳನ್ನು ಆಕೃತಿಯಾಗಿ ಬದಲಿಸಿ, ಅಂದರೆ ಕರ್ವ್ಸ್ ಮಾಡಿ ಕಳಿಸಿದರೆ ಈ ತೊಂದರೆ ಇಲ್ಲ. ಹೆಸರಿನ ಕಾಗುಣಿತ ಅಂಗಡಿಯ ಬೋರ್ಡಿನಲ್ಲಿ ಇರುವಂತೆಯೇ ಇರಲಿ. ಬೋರ್ಡಿನಲ್ಲಿ ತಪ್ಪಿದ್ದರೂ ತಿದ್ದಲು ಹೋಗಬೇಡಿ, ಅದು ಅವರ ಹೆಸರು.

ಒಪ್ಪಿಗೆಯಾದ ಮೇಲೆ ಯಜಮಾನರು ಕೇಳಿದ್ದು ಒಂದೇ, ತಮ್ಮ ಮಗನ ಅಳತೆಗೂ ಒಂದು ಜೆರ್ಸಿ. ಅದರ 350 ನಾವೇ ಹಾಕಿದೆವು. ನೀವು ದರ ಕೇಳುವಾಗ ಮೊದಲೇ ಹದಿಮೂರಕ್ಕೆ ಕೇಳಿಡಿ.