ಶೇ. 15ರಿಂದ 10ಕ್ಕೆ: ಬೋನಸ್ ಯಾಕೆ ಕಡಿಮೆ ಅಂತ ನಮ್ಮ ಕೆಲಸಗಾರರಿಗೆ ಹೇಳಿದ್ದು ಹೀಗೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಮಷೀನ್ ಶಾಪ್ ಇದೆ. ಸಿಎನ್‌ಸಿ ಲೇತ್, ಎರಡು ವಿಎಂಸಿ, ಹಳೇ ಸೆಂಟರ್ ಲೇತ್‌ಗಳು. ಪಂಪ್‌ನ ಭಾಗಗಳನ್ನು ಜಾಬ್ ವರ್ಕ್ ಮೇಲೆ ಮಾಡಿಕೊಡುತ್ತೇವೆ. ಬೋನಸ್ ಲೆಕ್ಕಕ್ಕೆ ಬರುವವರು 24 ಜನ. ಆಯುಧ ಪೂಜೆ ದಿನ ಮಷೀನ್‌ಗಳಿಗೆ ಕುಂಕುಮ, ಹೂವು ಇಟ್ಟು, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ, ಸ್ವೀಟ್ ಬಾಕ್ಸ್ ಜೊತೆ ಬೋನಸ್ ಕವರ್ ಕೊಡುವುದು ನಮ್ಮ ತಂದೆಯವರ ಕಾಲದಿಂದ ನಡೆದು ಬಂದದ್ದು.

2020ರಲ್ಲಿ ನಾನು ಒಂದು ತಪ್ಪು ಮಾಡಿದೆ. ಆ ವರ್ಷ ಬೋನಸ್ ಇಳಿಸಿ ಕನಿಷ್ಠ ಮೊತ್ತಕ್ಕೆ ತಂದೆ. ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಇಂಗ್ಲಿಷಿನಲ್ಲಿ ಒಂದು ನೋಟಿಸ್ ಬರೆಸಿ ಪಂಚ್ ಮಷೀನ್ ಪಕ್ಕ ಅಂಟಿಸಿದೆ, ಅಷ್ಟೇ. ಪೂಜೆ ಮುಗಿದು ಎಲ್ಲರೂ ಕವರ್ ಒಡೆದಾಗ ಶಾಪ್ ಪೂರ್ತಿ ಸುಮ್ಮನಾಯಿತು. ನಮ್ಮ ಹಿರಿಯ ಟರ್ನರ್ ಒಬ್ಬರು ಕವರನ್ನು ಲೇತ್ ಮೇಲೇ ಇಟ್ಟು ಮನೆಗೆ ಹೋದರು. ಮೂರು ದಿನ ಆದಮೇಲೆ ಬಂದು ತಗೊಂಡರು. ಆಗ ಅವರು ಹೇಳಿದ್ದು ಒಂದೇ ಮಾತು. "ಕಡಿಮೆ ಕೊಟ್ಟಿದ್ದಕ್ಕಲ್ಲ ಸಾರ್. ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದೆ. ಒಂದು ತಿಂಗಳು ಮುಂಚೆ ಹೇಳಿದ್ರೆ ಕೊಡ್ತಾ ಇರಲಿಲ್ಲ."

2024ರಲ್ಲಿ ಮತ್ತೆ ಇಳಿಸಬೇಕಾಗಿ ಬಂತು. ಈ ಸಲ ಮೊದಲು ನಾನೇ ಲೆಕ್ಕ ಸರಿಯಾಗಿ ಅರ್ಥ ಮಾಡಿಕೊಂಡೆ. ನನಗೇ ತಿಳಿಯದೆ ಬೇರೆಯವರಿಗೆ ಹೇಗೆ ಹೇಳುವುದು, ಅಲ್ವಾ?

1965ರ ಬೋನಸ್ ಕಾಯ್ದೆ ಪ್ರಕಾರ ವರ್ಷದ ಸಂಬಳದ ಶೇ. 8.33 ಕನಿಷ್ಠ. ಲಾಭ ಬರಲಿ ಬಿಡಲಿ, ಅದನ್ನು ಕೊಡಲೇಬೇಕು. ಗರಿಷ್ಠ ಶೇ. 20. (ಈಗ ವೇತನ ಸಂಹಿತೆ ಬಂದಿದೆ, ಅದರಲ್ಲೂ ಈ ಎರಡು ಅಂಕಿ ಹಾಗೇ ಇವೆ.) ನಡುವೆ ಎಷ್ಟು ಅನ್ನುವುದು ಲಾಭದಿಂದ ತೀರ್ಮಾನ ಆಗುತ್ತದೆ. ಲಾಭದಲ್ಲಿ ಸವಕಳಿ, ತೆರಿಗೆ, ಬಂಡವಾಳದ ಮೇಲೆ ಇಷ್ಟು ಪ್ರತಿಫಲ ಅಂತ ಕಳೆದ ಮೇಲೆ ಉಳಿಯುವ ದುಡ್ಡಿನಲ್ಲಿ, 2024ರಲ್ಲಿ ಇದ್ದ ಆ ಹಳೇ ಕಾಯ್ದೆ ಪ್ರಕಾರ, ನಮ್ಮಂಥ ಪಾಲುದಾರಿಕೆ ಸಂಸ್ಥೆಯಲ್ಲಿ ಶೇ. 60 ಬೋನಸ್‌ಗೆ ಹೋಗಬೇಕಿತ್ತು.

ನಮ್ಮ 24 ಜನರ ಬೇಸಿಕ್ ಮತ್ತು ಡಿಎ ಸೇರಿ ಸರಾಸರಿ ತಿಂಗಳಿಗೆ 15,000. ವರ್ಷಕ್ಕೆ ಎಲ್ಲರದ್ದೂ ಕೂಡಿದರೆ 43 ಲಕ್ಷ 20 ಸಾವಿರ. ಹಿಂದಿನ ವರ್ಷ ಎಲ್ಲ ಕಳೆದು ಉಳಿದದ್ದು 10 ಲಕ್ಷ 80 ಸಾವಿರ. ಅದರಲ್ಲಿ ಶೇ. 60 ಅಂದರೆ 6 ಲಕ್ಷ 48 ಸಾವಿರ. ಅದು ಸಂಬಳದ ಶೇ. 15 ಆಯಿತು. 2023-24ರಲ್ಲಿ ಉಳಿದದ್ದು 7 ಲಕ್ಷ 20 ಸಾವಿರ. ಅದರಲ್ಲಿ ಶೇ. 60 ಅಂದರೆ 4 ಲಕ್ಷ 32 ಸಾವಿರ. ಸಂಬಳದ ಶೇ. 10. ಒಬ್ಬ ಸಾಮಾನ್ಯ ಆಪರೇಟರ್‌ಗೆ 27,000 ಬರುತ್ತಿದ್ದದ್ದು 18,000 ಆಗುತ್ತದೆ. ಒಂಬತ್ತು ಸಾವಿರ ಕಡಿಮೆ. ಊರಿಗೆ ಹೋಗಿ ಬರುವ ಖರ್ಚು, ಮಕ್ಕಳ ಬಟ್ಟೆ, ಚೀಟಿ ಕಂತು ಎಲ್ಲ ಅದರಲ್ಲೇ ಇರುತ್ತದೆ.

ಹಳೇ ವರ್ಷಗಳ ಬಾಕಿಯನ್ನೂ ನೋಡಬೇಕು. ಯಾವುದಾದರೂ ವರ್ಷ ಬೋನಸ್‌ಗೆ ಬರಬೇಕಾದ ದುಡ್ಡು ಶೇ. 20ನ್ನೂ ಮೀರಿದ್ದರೆ, ಮಿಕ್ಕಿದ್ದನ್ನು ಮುಂದಿನ ನಾಲ್ಕು ವರ್ಷದವರೆಗೆ ಲೆಕ್ಕದಲ್ಲಿ ಎಳೆದುಕೊಂಡು ಹೋಗಬೇಕು, ಕಮ್ಮಿ ಬಿದ್ದ ವರ್ಷ ಅದರಿಂದ ಸೇರಿಸಬೇಕು. ಅದನ್ನು ನೋಡದೆ ಲಾಭ ಕಮ್ಮಿ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ನಮ್ಮ ಆಡಿಟರ್ ಹತ್ತಿರ ಕೂತು ಹಿಂದಿನ ನಾಲ್ಕು ವರ್ಷದ ಹಾಳೆ ತೆಗೆಸಿದೆ. ಯಾವ ವರ್ಷವೂ 20 ದಾಟಿರಲಿಲ್ಲ. ಆಮೇಲೇ ಹೇಳುವ ಧೈರ್ಯ ಬಂತು.

ಆದರೆ ಕಷ್ಟ ಇದ್ದದ್ದು ಲೆಕ್ಕದಲ್ಲಿ ಅಲ್ಲ. ಜನ ಕಣ್ಣಾರೆ ನೋಡುತ್ತಿದ್ದದ್ದೇ ಬೇರೆ. ಆಗಸ್ಟ್‌ನಲ್ಲಿ ಹೊಸ ವಿಎಂಸಿ ಮಷೀನ್ ಬಂದಿಳಿದಿತ್ತು. ಸೆಪ್ಟೆಂಬರ್‌ನಲ್ಲಿ ಎರಡು ಶಿಫ್ಟ್ ಜೊತೆಗೆ ಓಟಿ ಕೂಡ ನಡೆಯುತ್ತಿತ್ತು. ಹೀಗಿರುವಾಗ ಯಜಮಾನ ಬಂದು ಲಾಭ ಕಡಿಮೆ ಅಂದರೆ ಯಾರು ನಂಬುತ್ತಾರೆ? ಬೋನಸ್ ಹೋದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗಿನ ಲೆಕ್ಕದ್ದು. ಈಗ ಓಡುತ್ತಿರುವ ಕೆಲಸ ಮುಂದಿನ ವರ್ಷದ ಲೆಕ್ಕದ್ದು. ಇದು ನಮಗೆ ರೂಢಿಯಾಗಿರುತ್ತದೆ. ಅವರಿಗೆ ಯಾರೂ ಹೇಳಿರುವುದಿಲ್ಲ.

ಗಣೇಶ ಹಬ್ಬ ಮುಗಿದ ವಾರವೇ ಹೇಳಲು ನಿರ್ಧರಿಸಿದೆ. ಪೂಜೆ ಅಕ್ಟೋಬರ್ 11ಕ್ಕೆ ಇತ್ತು. ಹೆಚ್ಚು ಕಡಿಮೆ ಒಂದು ತಿಂಗಳು ಸಿಗುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ಶಿಫ್ಟ್ ಬದಲಾಗುವ ಹೊತ್ತು ಆರಿಸಿದೆ. ಎರಡೂ ಶಿಫ್ಟ್‌ನವರು ಒಂದೇ ಮಾತನ್ನು ಒಟ್ಟಿಗೇ ಕೇಳಬೇಕು. ಬೆಳಿಗ್ಗೆ ಹೇಳಿ, ಸಂಜೆಯವರಿಗೆ ಬೇರೆ ಬಾಯಿಂದ ಹೋದರೆ ಶೇ. 10 ಅನ್ನುವುದು ಎಂಟಾಗಿ, ಆರಾಗಿ ಮುಟ್ಟುತ್ತದೆ. ಮಷೀನ್ ಎಲ್ಲ ನಿಲ್ಲಿಸಿದೆವು. ಒಡಿಶಾ, ಬಿಹಾರದ ಐದು ಹುಡುಗರಿದ್ದಾರೆ. ನಾನು ಹೇಳಿದ್ದನ್ನೆಲ್ಲ ಸೂಪರ್‌ವೈಸರ್ ಮಾತು ಮಾತಿಗೂ ಹಿಂದಿಯಲ್ಲಿ ಹೇಳಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಸುತ್ತಿ ಬಳಸದೆ ಶುರು ಮಾಡಿದೆ. "ಈ ವರ್ಷ ಬೋನಸ್ ಶೇ. 10. ಹೋದ ವರ್ಷ 15 ಇತ್ತು. ಯಾಕೆ ಅಂತ ಹೇಳ್ತೀನಿ, ಆಮೇಲೆ ನೀವು ಏನು ಬೇಕಾದ್ರೂ ಕೇಳಿ." ಕಷ್ಟ ಸುಖ, ನಾವೆಲ್ಲ ಒಂದೇ ಮನೆಯವರು ಅಂತೆಲ್ಲ ಪೀಠಿಕೆ ಹಾಕಲಿಲ್ಲ. ದುಡ್ಡು ಕಡಿಮೆ ಕೊಡುವ ಹೊತ್ತಿನಲ್ಲಿ ಮನೆ ಮಾತು ಎತ್ತಿದರೆ ಎದುರಿಗಿರುವವರು ಬಾಯಿ ತೆರೆದು ಕೇಳುವ ಹಾಗಿಲ್ಲ ಅಂತ ಆಗುತ್ತದೆ.

ಬಿಳಿ ಬೋರ್ಡ್ ಮೇಲೆ ಮೂರೇ ಸಾಲು ಬರೆದಿದ್ದೆ. ಹೋದ ಸಲ ಉಳಿದದ್ದು, ಈ ಸಲ ಉಳಿದದ್ದು, ಅದರಲ್ಲಿ ನಿಮ್ಮ ಪಾಲು. ಕಾರಣವನ್ನೂ ಹೆಸರಿಟ್ಟು ಹೇಳಿದೆ. 2023ರ ಆಗಸ್ಟ್‌ನಲ್ಲಿ ನಮ್ಮ ದೊಡ್ಡ ಗಿರಾಕಿ ಇಂಪೆಲ್ಲರ್ ಹಬ್ ಕೆಲಸವನ್ನು ತಮ್ಮ ಫ್ಯಾಕ್ಟರಿಗೇ ತಗೊಂಡು ಹೋದರು. ಅದರ ಜಾಗಕ್ಕೆ ಬೇರೆ ಕೆಲಸ ಬರುವುದಕ್ಕೆ ಏಳು ತಿಂಗಳು ಬೇಕಾಯಿತು. ಆ ಏಳು ತಿಂಗಳು ಎರಡನೇ ಶಿಫ್ಟ್ ಅರ್ಧ ಖಾಲಿ ಇದ್ದದ್ದು ಅವರೆಲ್ಲರಿಗೂ ನೆನಪಿತ್ತು. ಅಲ್ಲಿಗೆ ಕೆಲವರು ತಲೆ ಆಡಿಸಿದರು. ನೀವು ಕೆಲಸ ಸರಿಯಾಗಿ ಮಾಡಲಿಲ್ಲ ಅಂತ ಅಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಿದೆ. ರಿಜೆಕ್ಷನ್ ಹಿಂದಿನ ವರ್ಷಕ್ಕಿಂತ ಜಾಸ್ತಿ ಆಗಿರಲಿಲ್ಲ. ಅದು ಅವರಿಗೆ ಗೊತ್ತಿದ್ದರೂ ನನ್ನ ಬಾಯಿಂದ ಬರಬೇಕಿತ್ತು.

ಮೊದಲನೇ ಪ್ರಶ್ನೆ ನಾನು ಅಂದುಕೊಂಡದ್ದೇ. ಒಬ್ಬ ಆಪರೇಟರ್ ಕೇಳಿದ: "ಹೊಸ ಮಷೀನ್‌ಗೆ ದುಡ್ಡು ಇದೆ, ಬೋನಸ್‌ಗೆ ಇಲ್ವಾ ಸಾರ್?"

ಇಲ್ಲಿ ಒಂದು ಸುಲಭದ ಉತ್ತರ ಇತ್ತು. ಅದು ಬ್ಯಾಂಕ್ ಸಾಲ, ಮಷೀನ್‌ಗೆ ಬಿಟ್ಟು ಬೇರೆಯದಕ್ಕೆ ಕೊಡಲ್ಲ ಅಂತ. ಅದು ನಿಜವೇ. ಆದರೆ ಪೂರ್ತಿ ನಿಜ ಅಲ್ಲ. 28 ಲಕ್ಷದ ಮಷೀನ್‌ಗೆ ಬ್ಯಾಂಕ್ ಕೊಟ್ಟದ್ದು ಶೇ. 80. ಉಳಿದ 5 ಲಕ್ಷ 60 ಸಾವಿರ ಶಾಪ್‌ನ ಅಕೌಂಟ್‌ನಿಂದ ಹೋಗಿತ್ತು. ಬೋನಸ್ ಹೋದ ವರ್ಷದಷ್ಟೇ ಕೊಡಬೇಕಾದರೆ ಹೆಚ್ಚಿಗೆ ಬೇಕಿದ್ದದ್ದು 2 ಲಕ್ಷ 16 ಸಾವಿರ. ಅಂದರೆ ಮನಸ್ಸು ಮಾಡಿದ್ದರೆ ಕೊಡಬಹುದಿತ್ತು.

ಹಾಗೇ ಹೇಳಿದೆ. "ಕೊಡೋಕೆ ಆಗಲಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಕಾನೂನು ಪ್ರಕಾರ ಬರಬೇಕಾದ ಹತ್ತು ಪೂರ್ತಿ ಕೊಡ್ತಿದೀನಿ. ಅದರ ಮೇಲೆ ಕೊಡಬಹುದಾಗಿದ್ದ ದುಡ್ಡನ್ನ ಮಷೀನ್‌ಗೆ ಹಾಕಿದೀನಿ. ಈಗ ಬಂದಿರೋ ವಾಲ್ವ್ ಬಾಡಿ ಕೆಲಸ ಆ ಮಷೀನ್ ಇಲ್ಲದೆ ಆಗಲ್ಲ. ಆ ಕೆಲಸ ಇಲ್ಲದಿದ್ರೆ ಎರಡನೇ ಶಿಫ್ಟ್ ಮತ್ತೆ ಖಾಲಿ. ಇದು ನಾನು ತಗೊಂಡ ತೀರ್ಮಾನ. ಇದು ನಿಮಗೆ ಸರಿ ಅನ್ನಿಸದೇ ಇರಬಹುದು."

ಒಬ್ಬಿಬ್ಬರಿಗೆ ಸರಿ ಅನ್ನಿಸಲಿಲ್ಲ. ಮುಖದಲ್ಲೇ ಗೊತ್ತಾಯಿತು. ಒಪ್ಪಿಸಲು ನಾನು ಹೋಗಲಿಲ್ಲ. "ಆಗಲಿಲ್ಲ" ಅನ್ನುವ ಮಾತಿಗೂ "ಕೊಡಬಾರದು ಅಂತ ತೀರ್ಮಾನ ಮಾಡಿದೆ" ಅನ್ನುವ ಮಾತಿಗೂ ಇರುವ ವ್ಯತ್ಯಾಸ ಕೆಲಸಗಾರರಿಗೆ ಚೆನ್ನಾಗಿ ಗೊತ್ತು. ಮೊದಲನೆಯದನ್ನು ಹೇಳಿ ಆಮೇಲೆ ಸಿಕ್ಕಿಬಿದ್ದರೆ, ಮುಂದೆ ನಿಜ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಎರಡನೇ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. 2020ರಲ್ಲಿ ಕವರ್ ಬಿಟ್ಟುಹೋದ ಅದೇ ಟರ್ನರ್ ಕೇಳಿದರು. "ಸ್ಕ್ರ್ಯಾಪ್ ಮಾರಿದ ದುಡ್ಡು ಇದರಲ್ಲಿ ಸೇರಿದೆಯಾ ಸಾರ್?" ಟರ್ನಿಂಗ್ ಚೂರು ತಿಂಗಳಿಗೊಮ್ಮೆ ಗಾಡಿಯಲ್ಲಿ ಹೋಗುವುದನ್ನು ಅವರೇ ತೂಕ ಹಾಕಿಸಿ ಕಳಿಸುತ್ತಾರೆ. ಒಳಗೆ ಹೋಗಿ ಲೆಡ್ಜರ್ ತಂದು ಆ ಪುಟವನ್ನು ಅವರ ಕೈಗೇ ಕೊಟ್ಟೆ. ಅವರು ತಿಂಗಳು ತಿಂಗಳು ಬೆರಳಿಟ್ಟು ನೋಡಿದರು. ಹತ್ತು ನಿಮಿಷ ಆಯಿತು. ಎಲ್ಲರೂ ಕಾದರು. "ಸರಿ ಇದೆ" ಅಂದರು. ಆ ಒಂದು ಮಾತಿನಿಂದ ಆದ ಕೆಲಸ ನನ್ನ ಬೋರ್ಡ್‌ನಿಂದ ಆಗುತ್ತಿರಲಿಲ್ಲ.

ನನ್ನ ಸಂಬಳದ ಬಗ್ಗೆಯೂ ಕೇಳಿದರು. ಹಿಂದಿನ ನವೆಂಬರ್‌ನಿಂದ ತಿಂಗಳಿಗೆ 40,000 ಕಡಿಮೆ ತಗೊಳ್ಳುತ್ತಿದ್ದೇನೆ ಅಂತ ಹೇಳಿದೆ. ಕೇಳುವ ಮುಂಚೆ ಅದನ್ನು ಹೇಳಿರಲಿಲ್ಲ. ನಾನೇ ಮುಂದಾಗಿ ಹೇಳಿದ್ದರೆ ತ್ಯಾಗ ತೋರಿಸಿದ ಹಾಗಿರುತ್ತಿತ್ತು. ನನ್ನ ಮನೆ ನಡೆಯುವುದಕ್ಕೂ ಅವರ ಮನೆ ನಡೆಯುವುದಕ್ಕೂ ಹೋಲಿಕೆ ಇಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಒಂದು ಚೀಟಿ ಕೊಟ್ಟೆ. ಅವರ ಬೇಸಿಕ್ ಮತ್ತು ಡಿಎ, ಹೋದ ವರ್ಷದ ಮೊತ್ತ, ಈ ವರ್ಷದ ಮೊತ್ತ, ವ್ಯತ್ಯಾಸ, ಕನ್ನಡದಲ್ಲಿ. ಹಿಂದಿ ಹುಡುಗರಿಗೆ ಹಿಂದಿಯಲ್ಲಿ. ಕೂರಿಸಿ ಮಾತಾಡಿದೆ. ಅಲ್ಲೇ ಗೊತ್ತಾದದ್ದು, ಆರು ಜನ ಬೋನಸ್ ನಂಬಿ ಆಗಲೇ ಸಾಲ ಮಾಡಿದ್ದರು ಅಂತ. ಬೇಕು ಅಂದವರಿಗೆ ಹಬ್ಬದ ಅಡ್ವಾನ್ಸ್ 9,000 ಬಡ್ಡಿ ಇಲ್ಲದೆ ಕೊಟ್ಟೆ. ಜನವರಿಯಿಂದ ತಿಂಗಳಿಗೆ 1,500ರಂತೆ ಆರು ಕಂತು. ಇದು ಸಾಲ, ಬೋನಸ್ ಅಲ್ಲ ಅಂತ ಬರೆದೇ ಕೊಟ್ಟೆ. ಅಡ್ವಾನ್ಸನ್ನು ಬೋನಸ್ ಅನ್ನುವ ಹಾಗೆ ಕೊಟ್ಟು ಆಮೇಲೆ ಸಂಬಳದಲ್ಲಿ ಹಿಡಿದರೆ ಅದಕ್ಕಿಂತ ದೊಡ್ಡ ಮೋಸ ಇಲ್ಲ. ಹಳೇ ಅಡ್ವಾನ್ಸ್ ಬಾಕಿಯನ್ನು ಬೋನಸ್‌ನಲ್ಲಿ ಹಿಡಿಯುವ ರೂಢಿಯೂ ನಮ್ಮಲ್ಲಿತ್ತು. ಅದನ್ನು ನಿಲ್ಲಿಸಿದೆ.

ಒಬ್ಬ ಹೆಲ್ಪರ್ ಕೊನೆಗೆ ಕೇಳಿದ, "ಮುಂದಿನ ವರ್ಷ ಮತ್ತೆ ಹದಿನೈದು ಆಗುತ್ತಾ ಸಾರ್?" ಆಗುತ್ತೆ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹೇಳಲಿಲ್ಲ. ಗೊತ್ತಿಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಎಷ್ಟು ಉಳೀತು ಅಂತ ಬೋರ್ಡ್ ಮೇಲೆ ಬರೀತೀನಿ ಅಂದೆ.

ಪೂಜೆ ದಿನ ಕವರ್ ಒಡೆದಾಗ ಯಾರಿಗೂ ಹೊಸ ವಿಷಯ ಇರಲಿಲ್ಲ. ಬೂದುಗುಂಬಳಕಾಯಿ ಒಡೆದದ್ದು ಆ ಹಿರಿಯ ಟರ್ನರ್. ಹೊಸ ವಿಎಂಸಿಗೆ ಅವರೇ ಹಾರ ಹಾಕಿದರು. ನವೆಂಬರ್‌ನಲ್ಲಿ ಇಬ್ಬರು ಆಪರೇಟರ್‌ಗಳು ಬೇರೆ ಕಡೆ ಜಾಸ್ತಿ ಸಂಬಳಕ್ಕೆ ಹೋದರು. ಒಬ್ಬ ಹೋಗುವಾಗ ಬೋನಸ್ಸೂ ಒಂದು ಕಾರಣ ಅಂತ ನೇರವಾಗಿಯೇ ಹೇಳಿದ. ಅವನ ಲೆಕ್ಕ ಅದೇ ವಾರ ಚುಕ್ತಾ ಮಾಡಿ ಕಳಿಸಿದೆವು.

ಜನವರಿ ಮೊದಲ ವಾರ ಬೋರ್ಡ್ ಮೇಲೆ ಒಂಬತ್ತು ತಿಂಗಳ ಲೆಕ್ಕ ಬರೆದೆ. ಊಟದ ಹೊತ್ತಿಗೆ ನೋಡಿದರೆ ಅದರ ಕೆಳಗೆ ಯಾರೋ ಮಾರ್ಕರ್‌ನಲ್ಲಿ ಬರೆದಿದ್ದರು: "ಡಿಸೆಂಬರ್ ಸ್ಕ್ರ್ಯಾಪ್ ಬಿಟ್ಟುಹೋಗಿದೆ." ನಿಜವಾಗಿಯೂ ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ಬರೆದೆ.