ಸತ್ತ ಸ್ಕೀಮ್‌ಗಳನ್ನೂ ಸೇರಿಸಿ ಇಎಲ್‌ಎಸ್‌ಎಸ್ ಸರಾಸರಿ ತೆಗೆದ ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಅಂಗಡಿಯವರ ಲೆಕ್ಕಪತ್ರ, ಟ್ಯಾಕ್ಸ್ ರಿಟರ್ನ್ ನೋಡ್ಕೊಳ್ಳೋನು. ಮಾರ್ಚ್ ಬಂತು ಅಂದ್ರೆ 80ಸಿ ಹೆಸರಲ್ಲಿ ಇಎಲ್‌ಎಸ್‌ಎಸ್‌ಗೆ, ಅಂದ್ರೆ ಟ್ಯಾಕ್ಸ್ ಉಳಿಸೋ ಮ್ಯೂಚುವಲ್ ಫಂಡ್ ಸ್ಕೀಮ್‌ಗಳಿಗೆ, ದುಡ್ಡು ಹಾಕೋರು ಸುಮಾರು ಜನ. ಹಂಗೆ ವರ್ಷಗಳ ಹಿಂದೆ ಹಾಕಿದ್ದ ಮಂಡಿಪೇಟೆಯ ಒಬ್ಬ ಹಿರಿಯ ವ್ಯಾಪಾರಿ ಸ್ಟೇಟ್‌ಮೆಂಟ್ ತಂದು ಟೇಬಲ್ ಮೇಲೆ ಇಟ್ಟು "ಏನ್ರೀ ಇದು, ಸರಾಸರಿ ಹನ್ನೆರಡು ಹದಿಮೂರು ಪರ್ಸೆಂಟ್ ಅಂತ ಎಲ್ಲಾ ಕಡೆ ಬರೀತಾರ, ನನ್ ಕೈಗೆ ಒಂಬತ್ತೂವರೆ ಬಂದೈತಿ, ಉಳಿದಿದ್ದು ಯಾರು ತಿಂದ್ರು" ಅಂದ್ರು. ಯಾರೂ ತಿಂದಿರಲಿಲ್ಲ. ಆದ್ರೆ ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಕೂತ ಮೇಲೆ ಆ ಸರಾಸರಿ ಅನ್ನೋದನ್ನ ಹೆಂಗೆ ತೆಗೀತಾರೆ ಅನ್ನೋದು ಬಿಚ್ಚಿಕೊಳ್ತಾ ಹೋಯ್ತು.

ಮೊದಲು ಅವರ ಸ್ಟೇಟ್‌ಮೆಂಟ್. ಅವರು ದುಡ್ಡು ಹಾಕಿದ್ದ ಸ್ಕೀಮ್ ಈಗ ಇಲ್ಲವೇ ಇಲ್ಲ. ನಾಲ್ಕು ವರ್ಷ ಆದ್ಮೇಲೆ ಹಳೇ ಫೋಲಿಯೋದಲ್ಲಿ ಮರ್ಜರ್‌ಗೆ ಸ್ವಿಚ್ ಔಟ್ ಅಂತ ಒಂದು ಸಾಲು, ಯೂನಿಟ್ ಬ್ಯಾಲೆನ್ಸ್ ಸೊನ್ನೆ. ಕೆಳಗಡೆ ಅದೇ ತಾರೀಖಿಗೆ ಬೇರೆ ಸ್ಕೀಮ್ ಹೆಸರಲ್ಲಿ ಸ್ವಿಚ್ ಇನ್, ಯೂನಿಟ್ ಸಂಖ್ಯೆ ಬೇರೆ, ಎನ್‌ಎವಿ ಅಂದ್ರೆ ಒಂದು ಯೂನಿಟ್ಟಿನ ಬೆಲೆ ಬೇರೆ, ಒಟ್ಟು ಮೌಲ್ಯ ಮಾತ್ರ ಅದೇ. ಫಂಡ್ ಹೌಸಿನವರು ಪತ್ರ ಕಳಿಸಿರ್ತಾರೆ, ಮೂವತ್ತು ದಿನದೊಳಗೆ ಎಕ್ಸಿಟ್ ಲೋಡ್ ಅನ್ನೋ ಶುಲ್ಕ ಇಲ್ಲದೆ ಹೊರಗೆ ಬರಬಹುದು ಅಂತ, ಆದ್ರೆ ಆ ಪತ್ರ ಓದೋರು ಯಾರು.

ಲೆಕ್ಕ ಸುಲಭ ಆಗ್ಲಿ ಅಂತ ರೌಂಡ್ ಮಾಡಿ ಹೇಳ್ತೀನಿ. ಹಾಕಿದ್ದು 1,00,000. ಮೊದಲ ನಾಲ್ಕು ವರ್ಷ ಹಳೇ ಸ್ಕೀಮ್ ವರ್ಷಕ್ಕೆ 6 ಪರ್ಸೆಂಟ್ ಬೆಳೀತು, ಅಂದ್ರೆ 1,26,248 ಆಯ್ತು. ಆಮೇಲೆ ಆರು ವರ್ಷ ಹೊಸ ಸ್ಕೀಮಲ್ಲಿ 12 ಪರ್ಸೆಂಟ್, ಒಟ್ಟು ಸುಮಾರು 2,49,200. ಹತ್ತು ವರ್ಷಕ್ಕೆ ಇದು ವರ್ಷಕ್ಕೆ 9.6 ಪರ್ಸೆಂಟ್ ಹತ್ರ. ಹೊಸ ಸ್ಕೀಮ್ ಮಾತ್ರ ಹತ್ತೂ ವರ್ಷ 12 ಪರ್ಸೆಂಟ್ ಕೊಟ್ಟಿತ್ತು, ಅದರಲ್ಲೇ ಮೊದಲಿಂದ ಇದ್ದವನಿಗೆ 3,10,600 ಆಗಿರ್ತಿತ್ತು. ಈಗ ಪಟ್ಟಿ ತೆಗೆದು ನೋಡಿದ್ರೆ ಕಾಣೋದು ಹೊಸ ಸ್ಕೀಮಿನ ಆ 12 ಮಾತ್ರ. ನಮ್ಮ ಹಿರಿಯರ ಆ ಸಪ್ಪೆ ನಾಲ್ಕು ವರ್ಷ ಯಾವ ಪಟ್ಟಿಯಲ್ಲೂ ಇಲ್ಲ, ಸ್ಕೀಮ್ ಜೊತೆಗೇ ಅದರ ಇತಿಹಾಸವೂ ಹೋಯ್ತು. ನಮ್ ಎಪಿಎಂಸಿಯಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳದ ಲಾಟನ್ನ ಬದಿಗಿಟ್ಟು ಉಳಿದಿದ್ದರ ಸರಾಸರಿ ರೇಟ್ ಬೋರ್ಡ್ ಮೇಲೆ ಬರೆದ ಹಂಗೆ.

ಒಂದು ಸ್ಕೀಮಲ್ಲಿ ಹಿಂಗಾದ್ರೆ ಇಡೀ ಕೆಟಗರಿಯಲ್ಲಿ ಎಷ್ಟು ಅಂತ ನೋಡೋಣ ಅನ್ನಿಸ್ತು. ಇಎಲ್‌ಎಸ್‌ಎಸ್‌ನೇ ತಗೊಂಡಿದ್ದಕ್ಕೆ ಕಾರಣ ಐತೆ. 2017ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಎಲ್ಲಾ ಸ್ಕೀಮ್‌ಗಳನ್ನ ಹೊಸದಾಗಿ ವಿಂಗಡಿಸಿತು, ಅದಕ್ಕೂ ಮೊದಲು ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್ ಅಂತ ಫಂಡ್ ಹೌಸ್‌ಗಳ ಸಂಘ ಆಂಫಿಯ ಎನ್‌ಎವಿ ಫೈಲಲ್ಲಿ ಬೇರೆ ತಲೆಬರಹ ಇರಲಿಲ್ಲ, ಎಲ್ಲಾ ಈಕ್ವಿಟಿನೂ ಗ್ರೋಥ್ ಅನ್ನೋ ಒಂದೇ ರಾಶಿಯಲ್ಲಿ ಬರ್ತಿತ್ತು. ಇಎಲ್‌ಎಸ್‌ಎಸ್‌ಗೆ ಮಾತ್ರ ಆಗಲೂ ಬೇರೆ ತಲೆಬರಹ, ಈಗಲೂ ಬೇರೆ. ಹಂಗಾಗಿ ಹಳೇದನ್ನ ಹೊಸದಕ್ಕೆ ಹೊಂದಿಸೋ ತಲೆನೋವು ಕಡಿಮೆ.

ಮಾಡಿದ್ದು ಇಷ್ಟೆ. ಇವತ್ತಿನ ಪಟ್ಟಿ ಮುಟ್ಟಲೇ ಇಲ್ಲ. ಆಂಫಿ ಸೈಟಲ್ಲಿ ಹಳೇ ಎನ್‌ಎವಿ ಡೌನ್‌ಲೋಡ್ ಸಿಗುತ್ತೆ, ಅಲ್ಲಿ ಹತ್ತು ವರ್ಷದ ಹಿಂದಿನ ಒಂದು ತಾರೀಖಿನ ಫೈಲ್ ತಗೊಂಡು, ಸೆಮಿಕೋಲನ್ ಇರೋ ಕಡೆ ಕಾಲಂ ಬೇರೆ ಮಾಡಿ ಎಕ್ಸೆಲ್‌ಗೆ ಹಾಕಿ, ಇಎಲ್‌ಎಸ್‌ಎಸ್ ತಲೆಬರಹದ ಕೆಳಗಿರೋ ಸ್ಕೀಮ್‌ಗಳನ್ನಷ್ಟೇ ಎತ್ತಿಕೊಂಡೆ. ಅದರಲ್ಲೂ ಏಜೆಂಟರ ಮೂಲಕ ತಗೊಳ್ಳೋ ರೆಗ್ಯುಲರ್ ಪ್ಲಾನಿನ ಗ್ರೋಥ್ ಆಪ್ಷನ್ ಮಾತ್ರ. ಡಿವಿಡೆಂಡ್ ಆಪ್ಷನ್ ಬೇಡ, ಡಿವಿಡೆಂಡ್ ಕೊಟ್ಟಾಗೆಲ್ಲ ಎನ್‌ಎವಿ ಇಳಿಯುತ್ತೆ, ನಷ್ಟ ಆದಂಗೆ ಕಾಣುತ್ತೆ. ಏಜೆಂಟರಿಲ್ಲದೆ ತಗೊಳ್ಳೋ ಡೈರೆಕ್ಟ್ ಪ್ಲಾನ್ ಶುರುವಾಗಿದ್ದೇ 2013ರ ಜನವರಿಯಲ್ಲಿ, ಮತ್ತೆ ನಮ್ ಕಡೆ ಆಗ ಅದನ್ನ ತಗೊಂಡವರು ಕಡಿಮೆ. ಆಮೇಲೆ ಇವತ್ತಿನ ಫೈಲ್ ತಂದು ಸ್ಕೀಮ್ ಕೋಡ್ ಮೇಲೆ ವಿಲುಕಪ್ ಹಾಕಿ ಎರಡನ್ನೂ ಹೊಂದಿಸಿ ನೋಡಿದೆ. ಕೋಡ್ ಸಿಕ್ಕಿದವು ಬದುಕಿರೋವು, ಸಿಗದೇ ಇರೋವು ಸತ್ತಿರಬಹುದು.

ಇಲ್ಲಿ ಹೆಸರು ಸಿಗಲಿಲ್ಲ, ಕೋಡ್ ಸಿಗಲಿಲ್ಲ ಅಂತ ಸತ್ತಿದ್ದು ಅಂದ್ಕೋಬೇಡಿ, ಫಂಡ್ ಹೌಸಿನ ನೋಟಿಸ್ ನೋಡಿ. ಫಿಡೆಲಿಟಿಯ ವ್ಯವಹಾರ 2012ರಲ್ಲಿ ಎಲ್ ಅಂಡ್ ಟಿಗೆ ಹೋಯ್ತು, ಅದು 2022ರಲ್ಲಿ ಎಚ್‌ಎಸ್‌ಬಿಸಿಗೆ ಹೋಯ್ತು, ಐಡಿಬಿಐದು 2023ರಲ್ಲಿ ಎಲ್‌ಐಸಿಗೆ. ಕಂಪನಿ ಕೈ ಬದಲಾದಾಗ ಕೆಲವು ಸ್ಕೀಮ್ ಬರೀ ಬೋರ್ಡ್ ಬದಲಿಸಿಕೊಂಡು ಮುಂದುವರಿತವೆ, ಅದರ ಇತಿಹಾಸ ಹಾಗೇ ಇರುತ್ತೆ, ಅದನ್ನ ಸತ್ತಿದ್ದು ಅಂತ ಬರೆದ್ರೆ ಲೆಕ್ಕ ಉಲ್ಟಾ ಕಡೆಗೆ ತಪ್ಪುತ್ತೆ. ನಿಜವಾಗಿ ಕರಗಿಹೋಗೋದು ಅದೇ ಹೊಸ ಮನೆಯಲ್ಲಿ ಆಗಲೇ ಇನ್ನೊಂದು ಇಎಲ್‌ಎಸ್‌ಎಸ್ ಇದ್ದಾಗ, ಯಾಕಂದ್ರೆ ಸೆಬಿ ನಿಯಮದ ಪ್ರಕಾರ ಒಂದು ಕೆಟಗರಿಗೆ ಒಂದೇ ಸ್ಕೀಮ್, ಎರಡರಲ್ಲಿ ಒಂದು ಹೋಗಲೇಬೇಕು. ಯಾವುದು ಉಳಿಯುತ್ತೆ ಅಂತ ನೀವೇ ಊಹಿಸಿ, ದಾಖಲೆ ಚೆನ್ನಾಗಿರೋದನ್ನ ಯಾರೂ ಸುಮ್‌ಸುಮ್ನೆ ಅಳಿಸಲ್ಲ. ಹಂಗಂತ ಕರಗಿದ್ದೆಲ್ಲ ಕೆಟ್ಟದ್ದೂ ಅಲ್ಲ, ಬರೀ ಸಣ್ಣದು ಅನ್ನೋ ಕಾರಣಕ್ಕೆ ಹೋದವೂ ಇರ್ತವೆ.

ಸತ್ತ ಸ್ಕೀಮಿಗೆ ರಿಟರ್ನ್ ಹೆಂಗೆ ಹಾಕೋದು ಅನ್ನೋದೇ ಜಾಸ್ತಿ ಹೊತ್ತು ಹಿಡಿಯೋ ಕೆಲಸ. ಮರ್ಜರ್ ದಿನಕ್ಕೇ ನಿಲ್ಲಿಸಿದ್ರೆ ನಾಲ್ಕು ವರ್ಷದ್ದನ್ನ ಹತ್ತು ವರ್ಷದ ಜೊತೆ ಹೋಲಿಸಿದಂಗಾಗುತ್ತೆ. ಹೂಡಿಕೆದಾರನ ದುಡ್ಡು ಎಲ್ಲಿಗೆ ಹೋಯ್ತೋ ಅಲ್ಲಿಗೇ ನಾವೂ ಹೋಗಬೇಕು, ಅಂದ್ರೆ ಮರ್ಜರ್‌ವರೆಗೆ ಹಳೇದರ ಎನ್‌ಎವಿ ಅನುಪಾತ, ಅಲ್ಲಿಂದ ಮುಂದೆ ಹೊಸದರದ್ದು, ಎರಡನ್ನೂ ಗುಣಿಸಿ.

```
=((C2/B2)*(E2/D2))^(1/10)-1
```

B2 ಹಳೇ ಸ್ಕೀಮಿನ ಶುರುವಿನ ಎನ್‌ಎವಿ, C2 ಅದರ ಕೊನೇ ದಿನದ್ದು, D2 ಮರ್ಜರ್ ದಿನ ಹೊಸ ಸ್ಕೀಮಿನದ್ದು, E2 ಇವತ್ತಿನದ್ದು. ಎರಡು ಸಲ ಮರ್ಜ್ ಆಗಿದ್ರೆ ಇನ್ನೊಂದು ಅನುಪಾತ ಸೇರಿಸಿ. ಮರ್ಜರ್ ಆದ ತಾರೀಖು, ಯಾವುದರೊಳಗೆ ಅನ್ನೋದು ಫಂಡ್ ಹೌಸಿನ ನೋಟಿಸಲ್ಲಿ ಸಿಗುತ್ತೆ. ಟ್ಯಾಕ್ಸ್ ಕೇಳೋರಿಗೆ ಒಂದು ಮಾತು, ಇಂಥ ಮರ್ಜರನ್ನ ಮಾರಾಟ ಅಂತ ಪರಿಗಣಿಸಲ್ಲ, ಹಳೇ ಬೆಲೆ ಹಳೇ ತಾರೀಖೇ ಮುಂದುವರಿಯುತ್ತೆ.

ಸರಾಸರಿಯಲ್ಲಿ ಇದರ ಪರಿಣಾಮ ಎಷ್ಟು ಅನ್ನೋದಕ್ಕೆ ಆ ಹಿರಿಯರಿಗೆ ಹಾಕಿ ತೋರಿಸಿದ ಉದಾಹರಣೆ ಇದು, ಅಂಕಿ ಕಾಲ್ಪನಿಕ. ಶುರುವಲ್ಲಿ ಹತ್ತು ಸ್ಕೀಮ್ ಇದ್ದವು, ಏಳು ಉಳಿದವು, ಆ ಏಳರ ಸರಾಸರಿ 13. ಕರಗಿದ ಮೂರರದ್ದು ಮೇಲಿನ ಥರ ಜೋಡಿಸಿ ಲೆಕ್ಕ ಹಾಕಿದ್ರೆ 9.5. ಹತ್ತರ ಸರಾಸರಿ 11.95. ವರ್ಷಕ್ಕೆ ಒಂದು ಪರ್ಸೆಂಟ್ ತಾನೇ ಅಂತೀರಿ, ಲಕ್ಷಕ್ಕೆ ಹತ್ತು ವರ್ಷದಲ್ಲಿ ಅದು ಮೂವತ್ತು ಸಾವಿರದ ವ್ಯತ್ಯಾಸ. ಅಮೆರಿಕದ ಫಂಡ್‌ಗಳ ಮೇಲೆ ಎಲ್ಟನ್, ಗ್ರೂಬರ್, ಬ್ಲೇಕ್ ಅನ್ನೋ ಮೂವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಸತ್ತವನ್ನ ಬಿಟ್ಟಿದ್ದರಿಂದ ಸರಾಸರಿಗೆ ಬರೋ ಈ ಉಬ್ಬು ವರ್ಷಕ್ಕೆ ಸುಮಾರು 0.9 ಪರ್ಸೆಂಟ್ ಅಂತ ಬಂದಿತ್ತು. ಕೆಟಗರಿ, ಅವಧಿ ಬದಲಾದ್ರೆ ಇದೂ ಬದಲಾಗುತ್ತೆ, ಅವಧಿ ಉದ್ದ ಆದಷ್ಟೂ ಕರಗಿದವು ಜಾಸ್ತಿ.

ಇದಕ್ಕೆ ಎಲ್ಲಾ ತಪ್ಪನ್ನೂ ಹೊರಿಸೋ ಹಂಗಿಲ್ಲ. ಎಸ್‌ಐಪಿ ಮಧ್ಯದಲ್ಲಿ ನಿಲ್ಲಿಸಿದ್ದು, ಮಾರ್ಕೆಟ್ ಮೇಲಿದ್ದಾಗ ಜಾಸ್ತಿ ಹಾಕಿದ್ದು, ಇದರಿಂದ ಬರೋ ವ್ಯತ್ಯಾಸ ಬೇರೆ ಲೆಕ್ಕ, ಅದನ್ನ ದುಡ್ಡು ಹಾಕಿದ ತಾರೀಖುಗಳನ್ನೂ ಲೆಕ್ಕಕ್ಕೆ ಹಿಡಿಯೋ ಎಕ್ಸ್‌ಐಆರ್‌ಆರ್‌ನಲ್ಲಿ ನೋಡಬೇಕು. ನಮ್ಮ ಹಿರಿಯರು ಒಂದೇ ಸಲ ಹಾಕಿ ಮರೆತಿದ್ದರಿಂದ ಈ ಎರಡು ಕಲಸುಮೇಲೋಗರ ಆಗಲಿಲ್ಲ.

ಇಷ್ಟೆಲ್ಲ ಎಕ್ಸೆಲ್ ಬೇಡ ಅನ್ನೋರಿಗೆ ಎಸ್ ಅಂಡ್ ಪಿಯವರು ವರ್ಷಕ್ಕೆರಡು ಸಲ ಹೊರತರೋ ಸ್ಪೈವಾ ಇಂಡಿಯಾ ವರದಿ ಐತೆ, ಅದರಲ್ಲಿ ಇಎಲ್‌ಎಸ್‌ಎಸ್‌ಗೆ ಬೇರೆ ಸಾಲೇ ಇದೆ. ಅವರು ಅವಧಿಯ ಶುರುವಲ್ಲಿ ಇದ್ದ ಸ್ಕೀಮ್‌ಗಳಿಂದ ಲೆಕ್ಕ ಹಿಡೀತಾರೆ, ಎಷ್ಟು ಉಳಿದವು ಅನ್ನೋ ಟೇಬಲ್ಲೂ ಕೊಡ್ತಾರೆ. ಈಗ ಯಾರಾದ್ರೂ ಹತ್ತು ವರ್ಷದ ಸರಾಸರಿ ಅಂತ ಕರಪತ್ರ ಹಿಡ್ಕೊಂಡು ಬಂದ್ರೆ ನಾನು ಕೇಳೋದು, ಇದು ಆವತ್ತಿನ ಪಟ್ಟಿಯ ಸರಾಸರಿನೋ ಇವತ್ತಿನ ಪಟ್ಟಿಯದ್ದೋ ಅಂತ.